ಮೊದಲು ಯಾವ ಸೀರೆ? ತೊಂಬತ್ತು ನಿಮಿಷದ ಲೈವ್‌ನ ಲೆಕ್ಕಾಚಾರ

ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಸೀರೆ ಲೈವ್ ನೋಡಿದವರಿಗೆಲ್ಲ ಒಂದು ದೃಶ್ಯ ಗೊತ್ತಿರುತ್ತದೆ. ತೋರಿಸುವವರು ಸೆರಗು ಹಿಡಿದು ಬಣ್ಣ ಬಣ್ಣಿಸುತ್ತಿರುತ್ತಾರೆ. ಕೆಳಗೆ ಕಮೆಂಟುಗಳಲ್ಲಿ "ಪ್ರೈಸ್ ಪ್ಲೀಸ್", "ರೇಟ್ ಎಷ್ಟು ಅಕ್ಕಾ", ಮತ್ತೆ "ಪ್ರೈಸ್ ಪ್ಲೀಸ್" ಎಂದು ಸಾಲು ಬೆಳೆಯುತ್ತಿರುತ್ತದೆ. ಅವರು ಬೆಲೆ ಹೇಳುವ ಹೊತ್ತಿಗೆ ಕೇಳಿದವರಲ್ಲಿ ಅರ್ಧದಷ್ಟು ಮಂದಿ ಹೊರಟುಹೋಗಿರುತ್ತಾರೆ. ಸೀರೆಯಲ್ಲಿ ಏನೂ ಕೊರತೆ ಇರುವುದಿಲ್ಲ. ಯಾವುದನ್ನು ಯಾವಾಗ ತೋರಿಸಬೇಕು, ಯಾವ ಮಾತು ಮೊದಲು ಆಡಬೇಕು ಎಂದು ಹಿಂದಿನ ದಿನ ಯಾರೂ ಕೂತು ಬರೆದಿರುವುದಿಲ್ಲ, ಅಷ್ಟೆ.

ನಮ್ಮಲ್ಲಿ ಈ ವ್ಯಾಪಾರ ನಡೆಯುವ ರೀತಿಯೇ ಬೇರೆ. ಚೀನಾದ ತಾವೋಬಾವೊ 2016ರಲ್ಲಿ ಲೈವ್ ಮಾರಾಟ ಶುರುಮಾಡಿದಾಗ ವಿಡಿಯೋದ ಒಳಗೇ ಕೊಳ್ಳುವ ಗುಂಡಿ ಇತ್ತು. ನೋಡುತ್ತಲೇ ಒತ್ತಿ ಹಣ ಕಟ್ಟಬಹುದಿತ್ತು. ಮೆಟಾ ಕಂಪನಿ ಕೂಡ ಅಂಥದ್ದನ್ನೇ ತಂದು, ಫೇಸ್‌ಬುಕ್‌ನ ಲೈವ್ ಶಾಪಿಂಗ್ ಅನ್ನು 2022ರ ಅಕ್ಟೋಬರ್‌ನಲ್ಲಿ, ಇನ್‌ಸ್ಟಾಗ್ರಾಂನದನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು. ಹಾಗಾಗಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮನೆಯಿಂದ ಮಾರುವವರಿಗೆ ಉಳಿದದ್ದು ಒಂದೇ ದಾರಿ: ಲೈವ್‌ನಲ್ಲಿ ತೋರಿಸುವುದು, ನೋಡಿದವರು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಯಾಪ್‌ಗೆ ಕಳಿಸುವುದು, ಯುಪಿಐನಲ್ಲಿ ದುಡ್ಡು ಬರುವುದು. ಮಾರಾಟ ಹೀಗೆ ಮೂರು ಕಡೆ ಹರಿದು ಹೋಗುವುದರಿಂದ ಅದನ್ನು ಒಂದು ದಾರಕ್ಕೆ ಪೋಣಿಸುವ ಪಟ್ಟಿ ಇಲ್ಲದಿದ್ದರೆ ಲೈವ್ ಮುಗಿದ ಮೇಲೆ ಉಳಿಯುವುದು ಗೊಂದಲ ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಹುಬ್ಬಳ್ಳಿಯಲ್ಲಿ ಇಳಕಲ್ ಸೀರೆ, ಕಸೂತಿ ಸೀರೆ, ಗುಳೇದಗುಡ್ಡದ ಖಣ ಮಾರುವ ಹೆಣ್ಣುಮಗಳೊಬ್ಬಳು ಪಂಚಮಿ ಮತ್ತು ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರಕ್ಕೆ ಲೈವ್ ಮಾಡಬೇಕೆಂದಿದ್ದಾಳೆ ಎಂದಿಟ್ಟುಕೊಳ್ಳಿ. ಎರಡೂ ಹಬ್ಬ ಬರುವುದು ಶ್ರಾವಣದಲ್ಲಿ. ಆದರೆ ಲೈವ್ ಶ್ರಾವಣದಲ್ಲಿ ಮಾಡಿದರೆ ತಡವಾಯಿತು. ಸೀರೆ ಕೊರಿಯರ್‌ನಲ್ಲಿ ತಲುಪಬೇಕು, ಫಾಲ್ ಹೊಲಿಸಬೇಕು, ಕುಚ್ಚು ಹಾಕಿಸಬೇಕು, ಕುಪ್ಪಸ ಹೊಲಿಯಲು ಹಬ್ಬದ ಹೊತ್ತಿನಲ್ಲಿ ಟೇಲರ್ ಎರಡು ವಾರ ಕೇಳುತ್ತಾರೆ. ಹೀಗೆ ಹಿಂದಕ್ಕೆ ಎಣಿಸುತ್ತಾ ಹೋದರೆ ದಿನ ಆಷಾಢದ ನಡುವೆ ಬಂದು ನಿಲ್ಲುತ್ತದೆ. "ಈಗ ಬುಕ್ ಮಾಡಿದರೆ ಕುಪ್ಪಸ ಹೊಲಿಸಲು ಹೊತ್ತು ಸಿಗುತ್ತದೆ" ಎಂಬುದು ಆವತ್ತಿನ ಲೈವ್‌ನ ಅತಿ ಪ್ರಾಮಾಣಿಕ ಅವಸರ. ಬೇರೆ ಯಾವ ಸುಳ್ಳು ಅವಸರವನ್ನೂ ಹುಟ್ಟಿಸಬೇಕಿಲ್ಲ.

ಅವಳ ಪಟ್ಟಿಯಲ್ಲಿ 24 ಸೀರೆ. ಒಂದಕ್ಕೆ ಮೂರು ನಿಮಿಷ ಎಂದರೆ 72 ನಿಮಿಷ. ಶುರುವಿಗೆ ಐದು ನಿಮಿಷ, ಎಂಟೆಂಟು ಸೀರೆಗಳ ನಡುವೆ ನಾಲ್ಕು ನಾಲ್ಕು ನಿಮಿಷದ ಎರಡು ಬಿಡುವು, ಕೊನೆಗೆ ಐದು ನಿಮಿಷ. ಒಟ್ಟು 90. ಮನೆಯಲ್ಲಿ 60 ಸೀರೆ ಇದ್ದರೂ 24ನ್ನೇ ಆರಿಸುವುದು ಕಷ್ಟದ ಕೆಲಸ. ಹೊಸಬರು ತಪ್ಪುವುದು ಇಲ್ಲಿಯೇ: ಇದ್ದದ್ದನ್ನೆಲ್ಲ ತೋರಿಸಲು ಹೋಗಿ ಒಂದಕ್ಕೆ ನಲವತ್ತು ಸೆಕೆಂಡೂ ಕೊಡುವುದಿಲ್ಲ.

ಇನ್ನು ಕ್ರಮದ ವಿಚಾರ. ಹೆಚ್ಚಿನವರು ಅತಿ ಅಗ್ಗದ ಸೀರೆಯಿಂದ ಶುರುಮಾಡುತ್ತಾರೆ, ಜನ ಸೇರಲಿ ಎಂದು. ಜನ ಸೇರುವುದೂ ನಿಜ. ಆದರೆ 600 ರೂಪಾಯಿಯನ್ನೇ ಕೇಳಿ ಪಳಗಿದ ಕಿವಿಗೆ ಅರ್ಧ ಗಂಟೆಯ ನಂತರ 6,000 ಎಂದರೆ ಎದೆ ಝಲ್ಲೆನ್ನುತ್ತದೆ. ಅಗ್ಗಕ್ಕೆಂದು ಬಂದವರು ಅಗ್ಗದ್ದು ಮುಗಿದ ಕೂಡಲೇ ಎದ್ದು ಹೋಗುತ್ತಾರೆ. ಇನ್ನು ಕೆಲವರು ಅತಿ ಚೆಂದದ ರೇಷ್ಮೆಯನ್ನೇ ಮೊದಲು ತೆಗೆಯುತ್ತಾರೆ. ಲೈವ್ ಶುರುವಾದ ಮೊದಲ ಐದು, ಹತ್ತು ನಿಮಿಷ ನೋಡುವವರು ಕಡಿಮೆ. ಫೋನಿಗೆ ಸೂಚನೆ ಹೋಗಿ, ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಕೂರುವ ಹೊತ್ತಿಗೆ ಆ ಸೀರೆ ಮಡಿಚಿ ಆಗಿರುತ್ತದೆ. ಆಮೇಲೆ ಇಡೀ ಲೈವ್ "ಆ ಮೊದಲಿಂದು ಇನ್ನೊಮ್ಮೆ ತೋರಿಸ್ರೀ" ಎಂಬ ಬೇಡಿಕೆಗೇ ಹೋಗುತ್ತದೆ.

ಹಾಗಾಗಿ ಮೊದಲ ಎಂಟು ನಂಬರಿಗೆ ಸರಿಹೊಂದುವುದು ನಡುವಿನ ಬೆಲೆಯ, ಒಂದೊಂದರಲ್ಲೂ ಐದಾರು ಬಣ್ಣ ದಾಸ್ತಾನಿರುವ ಸೀರೆ. ನಮ್ಮ ಲೆಕ್ಕದಲ್ಲಿ ಅದು ಹತ್ತಿ ಮತ್ತು ಆರ್ಟ್ ಸಿಲ್ಕ್ ಬೆರೆತ ಇಳಕಲ್, 1,400 ರೂಪಾಯಿ ಆಸುಪಾಸಿನದು. ತಡವಾಗಿ ಬಂದವರು ಕೇಳಿದರೂ "ನಂಬರ್ 3, ಇನ್ನೂ ನಾಲ್ಕು ಬಣ್ಣ ಐತ್ರೀ, ವಾಟ್ಸ್ಯಾಪ್‌ಗೆ ಫೋಟೋ ಕಳಸ್ತೀನಿ" ಎಂದು ಒಂದೇ ಮಾತಿನಲ್ಲಿ ಮುಂದೆ ಹೋಗಬಹುದು. ಮೊದಲ ಬಿಡುವಿನ ನಂತರ, ಸುಮಾರು ಅರ್ಧ ಗಂಟೆಯ ಹೊತ್ತಿಗೆ ನೋಡುವವರ ಸಂಖ್ಯೆ ಚೆನ್ನಾಗಿ ಏರಿರುತ್ತದೆ. ಶುದ್ಧ ರೇಷ್ಮೆ ಇಳಕಲ್ ಮತ್ತು ಕಸೂತಿ ಹಾಕಿದ ಸೀರೆ, ಅಂದರೆ ಒಂದೊಂದೇ ಪೀಸ್ ಇರುವಂಥವು, 9ರಿಂದ 13ನೇ ನಂಬರಿಗೆ ಬರಬೇಕು. ಅವು ಮುಗಿದ ಕೂಡಲೇ 14, 15, 16ರಲ್ಲಿ ಸೆಮಿ ಸಿಲ್ಕ್. ಇದು ಯೋಚಿಸಿ ಇಟ್ಟ ಜಾಗ: ರೇಷ್ಮೆ ನೋಡಿ ಆಸೆಪಟ್ಟು ಬೆಲೆ ಕೇಳಿ ಸುಮ್ಮನಾದವರಿಗೆ ಅದೇ ಬಣ್ಣ, ಅದೇ ಸೆರಗು 2,000ದ ಒಳಗೆ ಕಾಣುತ್ತದೆ. ಆ ದಿನದ ಹೆಚ್ಚಿನ ಬುಕಿಂಗ್ ಈ ಮೂರು ನಂಬರುಗಳಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಅದನ್ನು ಸೆಮಿ ಸಿಲ್ಕ್ ಎಂದೇ ಹೇಳಿ ಮಾರಬೇಕು. ಆ ಮಾತಿಗೆ ಮುಂದೆ ಬರೋಣ.

ಅಗ್ಗದ ಹತ್ತಿ ಸೀರೆ, ಖಣದ ಕುಪ್ಪಸದ ಬಟ್ಟೆ ಕೊನೆಯ ಎಂಟರಲ್ಲಿ. ಅಷ್ಟು ಹೊತ್ತಿಗೆ ಉಳಿದಿರುವವರಲ್ಲಿ ಬಹಳ ಜನ ಆಗಲೇ ಒಂದು ಬುಕ್ ಮಾಡಿರುತ್ತಾರೆ. ಅದೇ ಪಾರ್ಸೆಲ್‌ನಲ್ಲಿ ಒಂದು ಖಣ ಸೇರಿಸಿದರೆ ಕೊರಿಯರ್ ಖರ್ಚು ಅಷ್ಟೇನೂ ಏರುವುದಿಲ್ಲ. ಹಳೇ ಪದ್ಧತಿಯ ಇಳಕಲ್ ಸೀರೆಯಲ್ಲಿ ಬ್ಲೌಸ್ ಪೀಸ್ ಇರುವುದೂ ಇಲ್ಲ, ಅದಕ್ಕೆ ಖಣವೇ ಜೋಡಿ. ಸೀರೆಯ ಬಣ್ಣ ಕಣ್ಣಲ್ಲಿ ಇನ್ನೂ ಇರುವಾಗ ಖಣ ತೋರಿಸುವುದಕ್ಕೂ, ಅದನ್ನೇ ಶುರುವಿನಲ್ಲಿ ತೋರಿಸುವುದಕ್ಕೂ ಬಹಳ ವ್ಯತ್ಯಾಸ.

ಕ್ರಮದಲ್ಲಿ ಬೆಲೆಯಷ್ಟೇ ಮುಖ್ಯವಾದ, ಆದರೆ ಯಾರೂ ಯೋಚಿಸದ ಇನ್ನೊಂದು ಸಂಗತಿ ಕ್ಯಾಮೆರಾದ ಕಣ್ಣು. ಫೋನಿನ ಕ್ಯಾಮೆರಾ ಬೆಳಕನ್ನೂ ಬಣ್ಣವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಬಿಳಿ ಸೀರೆ ಪರದೆ ತುಂಬಿದರೆ ಬೆಳಕು ಹೆಚ್ಚಾಯಿತೆಂದು ಇಡೀ ಚಿತ್ರವನ್ನು ಮಬ್ಬು ಮಾಡುತ್ತದೆ; ಕಡುನೀಲಿ ಬಂದರೆ ಬೆಳಕು ಸಾಲದೆಂದು ಏರಿಸುತ್ತದೆ, ಆಗ ಕಡು ಬಣ್ಣ ತೊಳೆದು ಹೋದಂತೆ ಕಾಣುತ್ತದೆ. ನೇರಳೆ ಬಣ್ಣ ನೀಲಿಯಾಗಿ ಕಾಣುವುದಂತೂ ಫೋನುಗಳ ಹಳೇ ಚಾಳಿ. ಬೆಳ್ಳನೆಯದರ ಹಿಂದೆಯೇ ಕಪ್ಪನೆಯದನ್ನು ಎತ್ತಿದರೆ ಕ್ಯಾಮೆರಾ ತಡಬಡಾಯಿಸುವ ಆ ಕೆಲವು ಸೆಕೆಂಡಿನಲ್ಲೇ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. "ನೋಡಿದ ಬಣ್ಣ ಬೇರೆ, ಬಂದ ಬಣ್ಣ ಬೇರೆ" ಎಂಬ ದೂರಿನ ಮೂಲ ಎಷ್ಟೋ ಸಲ ಇದೇ. ಅದಕ್ಕೆ ಪಟ್ಟಿಯ ಒಳಗೆ ತಿಳಿ ಬಣ್ಣಗಳೆಲ್ಲ ಒಟ್ಟಿಗೆ, ಕಡು ಬಣ್ಣಗಳೆಲ್ಲ ಒಟ್ಟಿಗೆ ಬರುವಂತೆ ಜೋಡಿಸುವುದು ಒಳ್ಳೆಯದು. ಹಿಂದಿನ ಗೋಡೆ ಬೂದು ಅಥವಾ ತೀರಾ ಸಾದಾ ಇರಬೇಕು. ದೀಪ ಪಕ್ಕದಿಂದ ಬೀಳಬೇಕು, ಎದುರಿಂದ ಬಿದ್ದರೆ ಜರಿ ಬೆಳ್ಳಗೆ ಹೊಳೆದು ಅಂಚಿನ ಕೆಲಸ ಕಾಣುವುದೇ ಇಲ್ಲ. ಕಿಟಕಿಯ ಬೆಳಕು ಮತ್ತು ಟ್ಯೂಬ್‌ಲೈಟ್ ಎರಡೂ ಬೆರೆಯದಿರಲಿ. ಮಧ್ಯಾಹ್ನ ಶುರುಮಾಡಿ ಸಂಜೆ ಮುಗಿಸುವವರ ಕಷ್ಟ ಇದು, 5ನೇ ನಂಬರಿನ ಕೆಂಪಿಗೂ 20ನೇ ನಂಬರಿನ ಕೆಂಪಿಗೂ ತಾಳೆಯೇ ಇರುವುದಿಲ್ಲ. ಇಷ್ಟಾದ ಮೇಲೂ ಬಾಯಲ್ಲಿ ಬಣ್ಣ ಹೇಳಲೇಬೇಕು: "ಫೋನಿನ್ಯಾಗ ಕೆಂಪ ಕಾಣಸ್ತದ, ಖರೇ ಇದು ದಾಳಿಂಬಿ ಹಣ್ಣಿನ ಬಣ್ಣ." ಎರಡನೇ ಫೋನಿನಲ್ಲಿ ತನ್ನದೇ ಲೈವ್ ನೋಡುತ್ತಾ ಕೂರುವ ಒಬ್ಬರಿದ್ದರೆ ಈ ತಿದ್ದುಪಡಿ ಆಗಿಂದಾಗಲೇ ಆಗುತ್ತದೆ.

ಆ ಒಬ್ಬರು ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಲೈವ್ ಎಂದರೂ ಅದು ಆ ಕ್ಷಣದ್ದಲ್ಲ. ಇಲ್ಲಿ ಆಡಿದ ಮಾತು ನೋಡುವವರ ಫೋನಿಗೆ ಮುಟ್ಟಲು ಕೆಲವು ಸೆಕೆಂಡು ಹಿಡಿಯುತ್ತದೆ. ಆ್ಯಪ್ ಮತ್ತು ನೆಟ್‌ವರ್ಕ್ ನೋಡಿಕೊಂಡು ಇದು ಹದಿನೈದು, ಇಪ್ಪತ್ತು ಸೆಕೆಂಡಿಗೂ ಏರಬಹುದು. ಅವರು ಟೈಪ್ ಮಾಡಲು ಇನ್ನಷ್ಟು ಹೊತ್ತು ಬೇಕು. ಅಂದರೆ "ಯಾರಿಗೆ ಬೇಕ್ರೀ?" ಎಂದು ಕೇಳಿ ಐದು ಸೆಕೆಂಡು ಕಾದು, ಉತ್ತರವಿಲ್ಲವೆಂದು ಸೀರೆ ಮಡಿಚಿದರೆ, ಉತ್ತರ ಬರುವುದು ಮುಂದಿನ ಸೀರೆ ಕೈಯಲ್ಲಿದ್ದಾಗ. "ಬುಕ್" ಎಂಬ ಕಮೆಂಟ್ ಯಾವುದಕ್ಕೆ ಎಂದು ತಿಳಿಯದೆ ಜಗಳ ಶುರುವಾಗುವುದು ಹೀಗೆ. ಮಾತಿನ ವೇಗ, ಸೀರೆ ಬದಲಿಸುವ ಲಯ ಎರಡೂ ಈ ತಡವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹುಟ್ಟಬೇಕು.

ಮೂರು ನಿಮಿಷವನ್ನು ಬಿಡಿಸಿ ನೋಡಿದರೆ ಅದು ಹೀಗೆ ಸಾಗುತ್ತದೆ. ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ನಂಬರ್, ಬೆಲೆ, ಬಟ್ಟೆ ಯಾವುದು ಎಂಬುದು ಹೇಳಿ ಆಗಬೇಕು. ಬೆಲೆ ಮುಚ್ಚಿಟ್ಟು ಕುತೂಹಲ ಬೆಳೆಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ನಂತರ ಒಂದು ನಿಮಿಷ ಸೆರಗು, ಅಂಚು, ಒಡಲು ಹತ್ತಿರದಿಂದ. ಅರ್ಧ ನಿಮಿಷ ಹೆಗಲ ಮೇಲೆ ಹಾಕಿ ನೆರಿಗೆ ಹೇಗೆ ಬೀಳುತ್ತದೆ ಎಂದು ತೋರಿಸುವುದು. ಅಷ್ಟರಲ್ಲಿ, ತಡವೆಲ್ಲ ಕಳೆದು, ಈ ಸೀರೆಯ ಪ್ರಶ್ನೆಗಳು ಬಂದಿರುತ್ತವೆ. ನಲವತ್ತು ಸೆಕೆಂಡು ಅವಕ್ಕೆ. ಕೊನೆಗೆ ಇಪ್ಪತ್ತು ಸೆಕೆಂಡು ನಂಬರಿನ ಚೀಟಿ, ಬೆಲೆ, ಸೆರಗು ಮೂರೂ ಪರದೆಯಲ್ಲಿ ಇರುವಂತೆ ಅಲುಗದೆ ಹಿಡಿಯುವುದು: "ಸ್ಕ್ರೀನ್‌ಶಾಟ್ ತಗೋರಿ, ನಂಬರ್ 10." ಉಳಿದ ಹತ್ತು ಸೆಕೆಂಡು ಕೈ ಬದಲಾವಣೆಗೆ. ಈ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕಾದರೆ 24 ಸೀರೆಯನ್ನೂ ಹಿಂದಿನ ರಾತ್ರಿಯೇ ಸೆರಗು ಮೇಲೆ ಬರುವಂತೆ ಮಡಿಚಿ, ನಂಬರಿನ ಕ್ರಮದಲ್ಲಿ ಒಟ್ಟಿಟ್ಟಿರಬೇಕು. ನಂಬರಿನ ಚೀಟಿಯನ್ನು ರೇಷ್ಮೆಗೆ ಪಿನ್ ಚುಚ್ಚಿ ಹಾಕಬಾರದು. ದಪ್ಪ ರಟ್ಟಿನ ಮೇಲೆ ಬರೆದು ಪಕ್ಕಕ್ಕೆ ನಿಲ್ಲಿಸಿದರಾಯಿತು.

ಇದು ಗಡಿಯಾರದ ಮುಳ್ಳಿನಂತೆ ನಡೆಯಬೇಕೆಂದಿಲ್ಲ. ಯಾವುದೋ ಹಸಿರಿಗೆ ಪ್ರಶ್ನೆ ಮೇಲೆ ಪ್ರಶ್ನೆ ಬಂದರೆ ಐದು ನಿಮಿಷ ಕೊಡಬೇಕು. ಯಾರೂ ಕೇಳದ ಸೀರೆಗೆ ಎರಡು ನಿಮಿಷವೇ ಹೆಚ್ಚು. ಅದನ್ನು ಹೊಗಳುತ್ತಾ ನಿಂತರೆ ಜನ ಜಾರುತ್ತಾರೆ. ಈ ಹೆಚ್ಚುಕಡಿಮೆಗೆಂದು ಪ್ರತಿ ಎಂಟರ ಕೊನೆಯದೊಂದು ಸೀರೆಯನ್ನು "ಹೊತ್ತಿದ್ದರೆ ಮಾತ್ರ" ಎಂದು ಪಟ್ಟಿಯಲ್ಲಿ ಗುರುತು ಹಾಕಿಟ್ಟರೆ ಗಾಬರಿ ಇಲ್ಲ.

ಬಿಡುವಿನ ನಾಲ್ಕು ನಿಮಿಷ ನೀರು ಕುಡಿಯಲು ಅಲ್ಲ, ಆಗ ಬಂದು ಸೇರಿದವರಿಗೆ. ಬುಕ್ ಮಾಡುವುದು ಹೇಗೆ, ಯಾವ ವಾಟ್ಸ್ಯಾಪ್ ನಂಬರ್, ದುಡ್ಡು ಎಷ್ಟು ಹೊತ್ತಿನೊಳಗೆ ಕಟ್ಟಬೇಕು, ಇಲ್ಲಿಯವರೆಗೆ ಯಾವ ನಂಬರ್ ಖಾಲಿಯಾಯಿತು ಎಂಬುದು. ಒಂದೇ ಪೀಸ್‌ಗೆ ಇಬ್ಬರು ಬಂದಾಗ ಯಾರಿಗೆ ಎಂಬ ನಿಯಮವನ್ನು ಇಲ್ಲೇ ಹೇಳಿಬಿಡಬೇಕು. ಕಮೆಂಟಿನ ಕ್ರಮ ನೆಚ್ಚುವುದಕ್ಕಿಂತ ವಾಟ್ಸ್ಯಾಪ್‌ಗೆ ಮೊದಲು ಬಂದದ್ದು ಮೊದಲು ಎಂಬುದೇ ಸರಳ, ಅಲ್ಲಿ ಸಂದೇಶ ಬಂದ ಹೊತ್ತು ದಾಖಲಾಗಿರುತ್ತದೆ. ಅರ್ಧ ಗಂಟೆಯಲ್ಲಿ ದುಡ್ಡು ಬಾರದಿದ್ದರೆ ಎರಡನೆಯವರಿಗೆ.

ಮಾತಿನಲ್ಲಿ ಏನಿರಬೇಕು ಎಂಬುದಕ್ಕೆ 10ನೇ ನಂಬರನ್ನೇ ತೆಗೆದುಕೊಳ್ಳೋಣ. ಅದು ಶುದ್ಧ ರೇಷ್ಮೆಯ ಇಳಕಲ್, ಟೋಪ್ ತೆನಿ ಸೆರಗು. "ಭಾಳ ಚಂದ ಐತ್ರೀ, ರಿಚ್ ಲುಕ್ ಐತಿ" ಎಂಬ ಮಾತು ಯಾವ ಸೀರೆಗಾದರೂ ಹೊಂದುತ್ತದೆ, ಆದ್ದರಿಂದ ಯಾವುದಕ್ಕೂ ಹೊಂದುವುದಿಲ್ಲ. ಹೇಳಬೇಕಾದ್ದು ಆ ಸೀರೆಗೆ ಮಾತ್ರ ಸಲ್ಲುವ ಮಾತು. ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಮಗ್ಗದ ಮೇಲೆಯೇ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಆ ಕೂಡುವ ಜಾಗವನ್ನು ಕ್ಯಾಮೆರಾ ಹತ್ತಿರ ತಂದು, ಬೆರಳಲ್ಲಿ ಗೀಟು ಎಳೆದು, ತಿರುವಿ ಹಿಂಬದಿಯನ್ನೂ ತೋರಿಸಿದರೆ ನೋಡುವವರಿಗೆ ಬೆಲೆಯ ಕಾರಣ ತಾನಾಗಿ ತಿಳಿಯುತ್ತದೆ. ಆಮೇಲೆ ಸೆರಗು: ಮೂರು ಕೆಂಪು ಪಟ್ಟಿ, ನಡುವೆ ಬಿಳಿ ವಿನ್ಯಾಸದ ಎರಡು ಪಟ್ಟಿ, ಅದರಲ್ಲಿ ಹಣಿಗೆ, ಕೋಟೆ, ಜೋಳದ ತೆನೆಯ ಚಿತ್ತಾರ. ಕಸೂತಿ ಸೀರೆಗೂ ಹೀಗೆಯೇ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ತರಹ ಕಾಣುತ್ತವೆ, ಗಂಟು ಹಾಕುವುದಿಲ್ಲ. ಯಂತ್ರದ ಕಸೂತಿಯ ಹಿಂಬದಿ ನೋಡಿದರೆ ಎಳೆಗಳ ಗೊಂದಲ ಕಾಣುತ್ತದೆ. ಹಿಂಬದಿ ತೋರಿಸಲು ಇಷ್ಟು ಒಳ್ಳೆಯ ಕಾರಣ ಇರುವಾಗ ಎಷ್ಟೋ ಮಾರಾಟಗಾರರು ಮುಂಬದಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತಿರುತ್ತಾರೆ.

ಉಳಿದದ್ದು ಕೇಳುವ ಮೊದಲೇ ಹೇಳಿಬಿಡಬೇಕಾದ ಉತ್ತರಗಳು, ಏಕೆಂದರೆ ಪ್ರಶ್ನೆಗಳು ಯಾವತ್ತೂ ಅವೇ:

"ಅಕ್ಕಾ, ಎಂಟ್ ಗಜದ್ದೇನ್ರೀ, ಆರ್ ಗಜದ್ದೇನ್ರೀ?"

"ಬ್ಲೌಸ್ ಪೀಸ್ ಐತೇನ್ರೀ?"

"ಬಣ್ಣ ಬಿಡತೈತೇನ್ರೀ?"

ಮೂರನೆಯದಕ್ಕೆ "ಇಲ್ಲವೇ ಇಲ್ರೀ" ಎನ್ನುವುದು ಸುಲಭ. "ಮೊದಲ ಸಲ ಬ್ಯಾರೇ ತೊಳೀರಿ ಅಕ್ಕಾ, ರೇಷ್ಮಿ ಆದ್ರ ಡ್ರೈ ಕ್ಲೀನ್ ಮಾಡಸ್ರಿ" ಎನ್ನುವುದು ಮುಂದೆ ಸೀರೆ ವಾಪಸು ಬರುವುದನ್ನು ತಪ್ಪಿಸುತ್ತದೆ. ಬಟ್ಟೆಯ ಹೆಸರಿನಲ್ಲೂ ಇದೇ ನೇರ ಬೇಕು. ಆರ್ಟ್ ಸಿಲ್ಕ್ ಎಂದರೆ ರೇಯಾನ್‌ನಂಥ ಕೃತಕ ನೂಲು ಎಂಬುದು ಕೊಳ್ಳುವ ಎಲ್ಲರಿಗೂ ಗೊತ್ತಿರುವುದಿಲ್ಲ. ಅದನ್ನು ಬರೀ "ಸಿಲ್ಕ್" ಎಂದರೆ ಮಾತು ಲೈವ್‌ನ ದಾಖಲೆಯಲ್ಲೇ ಉಳಿಯುತ್ತದೆ. ಶುದ್ಧ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಲೇಬಲ್ 2004ರಿಂದ ಇದೆ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಇದ್ದರೆ ಲೇಬಲ್ಲನ್ನೇ ಕ್ಯಾಮೆರಾಗೆ ಹಿಡಿಯಬಹುದು. ಇಲ್ಲದಿದ್ದರೆ ಇಲ್ಲವೆಂದು ಹೇಳಿ, ಎಲ್ಲಿಂದ ತಂದದ್ದು ಎಂದು ಹೇಳಬಹುದು. "ಇದೇ ಕೊನೇ ಪೀಸ್" ಎಂಬ ಸುಳ್ಳೂ ಇದೇ ಸಾಲಿನದು. ವಾರದ ನಂತರದ ಲೈವ್‌ನಲ್ಲಿ ಅದೇ ಸೀರೆ ಮತ್ತೆ ಬಂದಾಗ ಗುರುತಿಸುವ ಕಣ್ಣುಗಳು ಬಹಳ.

ಎಲ್ಲ ಸರಿಯಿದ್ದೂ ಲೈವ್ ಕೆಡುವ ದಾರಿಗಳು ಕೆಲವಿವೆ. ನಡುವೆ ಯಾರೋ ನೆಂಟರ ಫೋನ್ ಬಂದು ಲೈವ್ ನಿಂತುಹೋಗುವುದು ಮೊದಲನೆಯದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕಾಲಿಂಗ್ ಆರಿಸಿ, ವೈಫೈ ಮಾತ್ರ ಬಿಟ್ಟುಕೊಂಡರೆ ಸಿಮ್‌ನ ಕರೆ ಬರುವುದಿಲ್ಲ, ವಾಟ್ಸ್ಯಾಪ್ ಕರೆಗಳನ್ನು ಬೇರೆಯಾಗಿ ತಡೆಯಬೇಕು. ವಾತಾವರಣಕ್ಕೆಂದು ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಆ್ಯಪ್ ದನಿಯನ್ನೇ ಅಡಗಿಸಬಹುದು, ಲೈವನ್ನೇ ನಿಲ್ಲಿಸಬಹುದು. ನೆಟ್‌ವರ್ಕ್ ಪರೀಕ್ಷಿಸುವವರು ಡೌನ್‌ಲೋಡ್ ವೇಗ ನೋಡಿ ಖುಷಿಪಡುತ್ತಾರೆ, ಲೈವ್‌ಗೆ ಬೇಕಾದದ್ದು ಅಪ್‌ಲೋಡ್ ವೇಗ. ಹೊಸ ಖಾತೆಯವರು ಇನ್ನೊಂದನ್ನೂ ನೋಡಿಕೊಳ್ಳಬೇಕು: ಇನ್‌ಸ್ಟಾಗ್ರಾಂ 2025ರಿಂದ ಸಾವಿರ ಫಾಲೋವರ್‌ಗಳಿರುವ ಸಾರ್ವಜನಿಕ ಖಾತೆಗೆ ಮಾತ್ರ ಲೈವ್ ಕೊಡುತ್ತದೆ, ಯೂಟ್ಯೂಬ್‌ನಲ್ಲಿ ಫೋನಿನಿಂದ ಲೈವ್ ಮಾಡಲು 50 ಚಂದಾದಾರರಾದರೂ ಬೇಕು. ಅದನ್ನು ಮೊದಲ ಸಲ ತೆರೆಯಲು 24 ಗಂಟೆ ಹಿಡಿಯಬಹುದು. ಫೇಸ್‌ಬುಕ್ ಲೈವ್‌ಗಳ ದಾಖಲೆ 30 ದಿನದ ನಂತರ ಅಳಿಸಿಹೋಗುವುದರಿಂದ ಬೇಕಾದದ್ದನ್ನು ಇಳಿಸಿಟ್ಟುಕೊಳ್ಳಬೇಕು.

ದುಡ್ಡಿನ ವಿಷಯದಲ್ಲಿ ಎರಡು ಮೋಸಗಳು ಸಾಮಾನ್ಯ. ಒಂದು, ದುಡ್ಡು ಕಟ್ಟಿದಂತೆ ತೋರಿಸುವ ನಕಲಿ ಸ್ಕ್ರೀನ್‌ಶಾಟ್. ಬ್ಯಾಂಕ್ ಖಾತೆಯಲ್ಲಿ ಜಮೆಯಾದದ್ದು ಕಂಡ ಮೇಲೆಯೇ ರಿಜಿಸ್ಟರಿನಲ್ಲಿ ಟಿಕ್ ಹಾಕಬೇಕು. ಇನ್ನೊಂದು ಕೊಳ್ಳುವವರಿಗೆ ಆಗುವ ಮೋಸ: "ಬುಕ್" ಎಂದು ಕಮೆಂಟ್ ಹಾಕಿದವರಿಗೆ, ಮಾರುವವರದೇ ಹೆಸರು, ಫೋಟೋ ಇಟ್ಟುಕೊಂಡ ನಕಲಿ ಖಾತೆಯಿಂದ "ನಿಮ್ಮ ಸೀರೆ ಕನ್ಫರ್ಮ್, ಇಲ್ಲಿ ದುಡ್ಡು ಹಾಕಿ" ಎಂದು ಸಂದೇಶ ಹೋಗುತ್ತದೆ. ಅದಕ್ಕೇ ಪ್ರತಿ ಬಿಡುವಿನಲ್ಲೂ "ನಮ್ಮದು ಇದೊಂದೇ ನಂಬರ್ರೀ, ಬ್ಯಾರೇ ಕಡೆ ರೊಕ್ಕ ಹಾಕಬ್ಯಾಡ್ರಿ" ಎಂದು ಹೇಳಿ, ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿರಬೇಕು.

ಕೊನೆಯ ಐದು ನಿಮಿಷ ಹೊಸ ಸೀರೆ ಇಲ್ಲ. ಉಳಿದ ನಂಬರುಗಳನ್ನು ಓದಿ, ದುಡ್ಡು ಕಟ್ಟಲು ಬಾಕಿ ಇರುವವರಿಗೆ ಹೊತ್ತು ನೆನಪಿಸಿ, ಪಾರ್ಸೆಲ್ ಯಾವತ್ತು ಹೊರಡುತ್ತದೆ ಎಂದು ಹೇಳಿ ಮುಗಿಸುವುದು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಹರುಕು ಅಥವಾ ಕಲೆ ಇದ್ದರೆ ಅದನ್ನು ನೋಡಿ ಬದಲಿಸಿಕೊಡುತ್ತೇವೆ ಎಂಬ ಮಾತನ್ನೂ ಆಗಲೇ ಹೇಳಬೇಕು. ಸೀರೆ ಕಳಿಸಿದ ಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಮರುದಿನದ ಕೆಲಸ ರಿಜಿಸ್ಟರಿನದು. ಒಂದು ಸಾಲಿನಲ್ಲಿ ನಂಬರ್, ತೋರಿಸಿದ ಹೊತ್ತು, ಎಷ್ಟು ಬುಕಿಂಗ್, ಅದರಲ್ಲಿ ಎಷ್ಟಕ್ಕೆ ದುಡ್ಡು ಬಂತು. ಬುಕಿಂಗ್ ಹತ್ತು ಬಂದು ದುಡ್ಡು ಮೂರಕ್ಕೆ ಮಾತ್ರ ಬಂದ ಸೀರೆಯಿದ್ದರೆ, ಲೈವ್‌ನಲ್ಲಿ ಏನೋ ಹೇಳದೆ ಬಿಟ್ಟಿರಬೇಕು. ಬಹುತೇಕ ಅದು ಬ್ಲೌಸ್ ಪೀಸ್ ಅಥವಾ ಕೊರಿಯರ್ ಖರ್ಚು ಆಗಿರುತ್ತದೆ, ವಾಟ್ಸ್ಯಾಪ್ ಮಾತುಕತೆ ಓದಿದರೆ ಸಿಗುತ್ತದೆ. ಒಂದೂ ಬುಕಿಂಗ್ ಬಾರದ ಸೀರೆ ಪರದೆಗೆ ಬಂದದ್ದು ಮೊದಲ ಹತ್ತು ನಿಮಿಷದಲ್ಲೋ, ರೇಷ್ಮೆಯ ಬೆನ್ನಿಗೋ ಎಂದು ನೋಡಬೇಕು. ಜಾಗದ ತಪ್ಪಾಗಿದ್ದರೆ ಮುಂದಿನ ಲೈವ್‌ನಲ್ಲಿ ಅದನ್ನು ಸುಮಾರು ಇಪ್ಪತ್ತನೇ ನಿಮಿಷಕ್ಕೆ ಇಟ್ಟು ನೋಡಬಹುದು. ಅಲ್ಲೂ ಯಾರೂ ಕೇಳದಿದ್ದರೆ ಬೆಲೆ ಇಳಿಸಿ, ಖಣದ ಜೊತೆ ಕೊನೆಯ ಎಂಟಕ್ಕೆ ಸೇರಿಸುವುದು.